ಕಾಫಿ ಯಾಕೆ ಪೊಲೀಸ್ ಸ್ಟೇಷನ್‌ಗೆ ಹೋಯಿತು?

ಪ್ರಶ್ನೆ: ಮೇಡಂ, ಚಿಕ್ಕಮಗಳೂರಿನಲ್ಲಿ ನಮ್ಮದು ಕಾಫಿ ಪುಡಿ ಅಂಗಡಿ. ಅಕ್ಕನ ಮಗ ಇಂಗ್ಲಿಷಿನ ಒಂದು ಮೀಮ್ ತೋರಿಸಿದ. ಅಳುತ್ತಿರುವ ಕಾಫಿ ಮಗ್, ಎದುರಿಗೆ ಪುಸ್ತಕ ಹಿಡಿದ ಪೊಲೀಸ್. ಕೆಳಗೆ, "ವೈ ಡಿಡ್ ದ ಕಾಫಿ ಫೈಲ್ ಎ ಪೊಲೀಸ್ ರಿಪೋರ್ಟ್? ಇಟ್ ಗಾಟ್ ಮಗ್ಡ್." ಅವನು ನಕ್ಕ, ವಿವರಿಸಿದ ಮೇಲೆ ನಾನೂ ನಕ್ಕೆ. ಕನ್ನಡ ಮಾಡಿ ಅಂಗಡಿಯ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆವು: "ಕಾಫಿ ಯಾಕೆ ಪೊಲೀಸರಿಗೆ ದೂರು ನೀಡಿತು? ಅದನ್ನು ದರೋಡೆ ಮಾಡಲಾಯಿತು." ಒಬ್ಬರೂ ನಗಲಿಲ್ಲ. ಒಬ್ಬರು ಫೋನ್ ಮಾಡಿ "ಎಲ್ಲಿ ಆಗಿದ್ದು?" ಅಂತ ಕೇಳಿದರು. ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು "ಹೋದ ವರ್ಷ ನಮ್ಮ ಕಣದಿಂದ ಎರಡು ಮೂಟೆ ಹೋಗಿದೆ, ಇದರಲ್ಲಿ ತಮಾಷೆ ಏನು ಬಂತು?" ಅಂತ ಬೇಜಾರು ಮಾಡಿಕೊಂಡರು. ತಪ್ಪು ನಮ್ಮ ಅನುವಾದದ್ದಾ? ಇಲ್ಲ, ಕನ್ನಡಕ್ಕೆ ಇಂಥ ತಮಾಷೆ ಒಗ್ಗಲ್ವಾ? ಬ್ರಾಕೆಟ್‌ನಲ್ಲಿ ಅರ್ಥ ಬರೆದರೆ ಸರಿ ಹೋಗುತ್ತಾ?

ಉತ್ತರ: ನಿಮ್ಮ ಕನ್ನಡದ ಸಾಲಿನಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಪೊಲೀಸರಿಗೆ ಪೊಲೀಸರು ಇದ್ದಾರೆ, ದೂರಿಗೆ ದೂರು ಇದೆ, ಪರೀಕ್ಷೆಯಲ್ಲಿ ಬರೆದಿದ್ದರೆ ಪೂರ್ತಿ ಅಂಕ ಸಿಗುತ್ತಿತ್ತು. ಕೈಕೊಟ್ಟಿದ್ದು ಒಂದೇ ಒಂದು ಪದ, ಕೊನೆಯದು. ಅದನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ.

ಇಂಗ್ಲಿಷಿನಲ್ಲಿ ಮಗ್ ಅಂದರೆ ಹಿಡಿ ಇರುವ ದೊಡ್ಡ ಕಪ್ಪು. ಅದೇ ಪದ ಕ್ರಿಯಾಪದವಾದಾಗ, ದಾರಿಯಲ್ಲಿ ಹೋಗುವವರನ್ನು ಅಡ್ಡಗಟ್ಟಿ, ಹೊಡೆದು, ಇದ್ದದ್ದನ್ನು ಕಿತ್ತುಕೊಳ್ಳುವುದು. ಪ್ರಶ್ನೆಯಲ್ಲಿ ಪೊಲೀಸ್ ಬಂದಿರುವುದರಿಂದ "ಮಗ್ಡ್" ಅಂದ ಕೂಡಲೇ ಕಿವಿಗೆ ಮೊದಲು ಕೇಳುವುದು ಈ ಎರಡನೆಯ ಅರ್ಥ. ಕೇಳಿದ ಮರುಕ್ಷಣ ಮನಸ್ಸಿಗೆ ಹೊಳೆಯುತ್ತದೆ: ಕಾಫಿಯನ್ನು ಮಗ್‌ಗೆ ಹಾಕಿದ್ದಾರೆ, ಅಷ್ಟೇ! ನಗು ಹುಟ್ಟುವುದು ಈ ಎರಡು ಅರ್ಥಗಳ ನಡುವೆ ಹಾರುವಾಗ. ಮನಸ್ಸು ಒಂದು ಬಾಗಿಲಿನಿಂದ ಒಳಗೆ ಹೋಗಿ ಇನ್ನೊಂದರಿಂದ ಹೊರಗೆ ಬರಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. "ಮಗ್‌ಗೆ ಹಾಕು" ಅನ್ನುವ ಅರ್ಥದಲ್ಲಿ ಇಂಗ್ಲಿಷಿನವರೂ ದಿನನಿತ್ಯ ಆ ಪದ ಬಳಸುವುದಿಲ್ಲ. ಆದರೂ ಅವರಿಗೆ ತಕ್ಷಣ ಅರ್ಥವಾಗುತ್ತದೆ, ಯಾಕೆಂದರೆ ಆ ಭಾಷೆಯಲ್ಲಿ ನಾಮಪದವನ್ನು ಎತ್ತಿ ಹಾಗೇ ಕ್ರಿಯಾಪದ ಮಾಡಿಬಿಡಬಹುದು. ಬಾಟಲಿಗೆ ತುಂಬಿದ್ದು "ಬಾಟಲ್ಡ್", ಡಬ್ಬಿಗೆ ತುಂಬಿದ್ದು "ಕ್ಯಾನ್ಡ್", ಕುಂಡಕ್ಕೆ ಹಾಕಿದ ಗಿಡ "ಪಾಟೆಡ್". ಹಾಗೇ ಮಗ್‌ಗೆ ಹಾಕಿದ್ದು "ಮಗ್ಡ್" ಅಂತ ಕಿವಿ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಕನ್ನಡದಲ್ಲಿ ಈ ದಾರಿ ಅಷ್ಟು ಸಲೀಸಲ್ಲ. ನಾಮಪದ ಕ್ರಿಯಾಪದ ಆಗಬೇಕಾದರೆ "ಇಸು" ಸೇರಬೇಕು, ಇಲ್ಲವೇ ಪಕ್ಕದಲ್ಲಿ "ಮಾಡು", "ಹಾಕು", "ಹೊಡೆ" ಅಂತ ಒಂದು ಪದ ನಿಲ್ಲಬೇಕು. ಹೆಸರು ಹೋಗಿ ಹೆಸರಿಸು ಆಗುತ್ತದೆ, ಸರಿ. ಲೋಟ ಹೋಗಿ "ಲೋಟಿಸು" ಆಗುವುದಿಲ್ಲ. ಹಾಗಾಗಿ ನೀವು ಮಗ್‌ಗೆ ಬದಲು ಲೋಟ ಇಟ್ಟರೂ, ಕಪ್ಪು ಇಟ್ಟರೂ, ಪಾತ್ರೆಯ ಹೆಸರೇ ಏಟಿನ ಹೆಸರೂ ಆಗುವ ಆಟ ಇಲ್ಲಿ ನಡೆಯುವುದಿಲ್ಲ. ಇದು ನಿಮ್ಮ ಸೋಲಲ್ಲ. ಎರಡು ಭಾಷೆಗಳ ಕಟ್ಟಡವೇ ಬೇರೆ.

ಈಗ "ದರೋಡೆ" ಪದ ನೋಡಿ. ಅದಕ್ಕಿರುವುದು ಒಂದೇ ಬಾಗಿಲು. ಅದರೊಳಗೆ ಕಪ್ಪಿಲ್ಲ, ಲೋಟವಿಲ್ಲ, ಕಾಫಿಯ ವಾಸನೆಯೂ ಇಲ್ಲ. ಓದುಗರು ಒಳಗೆ ಹೋದರು, ಹೊರಗೆ ಬರುವ ದಾರಿ ಸಿಗಲಿಲ್ಲ, ಅಲ್ಲೇ ನಿಂತರು. ಜೊತೆಗೆ "ಮಾಡಲಾಯಿತು" ಬೇರೆ. ಈ "ಲಾಯಿತು" ನಮ್ಮ ಕಿವಿಗೆ ಪತ್ರಿಕೆಯ ಭಾಷೆ, ಆಫೀಸಿನ ಭಾಷೆ. ಮನೆಯಲ್ಲಿ ಯಾರೂ "ಹಾಲು ಕಾಯಿಸಲಾಯಿತು" ಅನ್ನುವುದಿಲ್ಲ. ಇಂಗ್ಲಿಷಿನ "ಗಾಟ್" ಬಾಯಿಮಾತಿನದು, ಸಲೀಸಾದದ್ದು. ನಿಮ್ಮ ಕನ್ನಡದ ಸಾಲು ಅದರ ಜಾಗದಲ್ಲಿ ವರದಿಯ ಧ್ವನಿ ತಂದಿತು. ಫೋನ್ ಮಾಡಿ "ಎಲ್ಲಿ ಆಗಿದ್ದು?" ಅಂದವರು ದಡ್ಡರಲ್ಲ. ನೀವು ಬರೆದದ್ದನ್ನು ಬರೆದ ಹಾಗೇ ಓದಿದ್ದಾರೆ. ನನ್ನ ಅನುವಾದದ ಕೆಲಸದಲ್ಲಿ ನಾನು ನಂಬುವ ಪರೀಕ್ಷೆಯೂ ಇದೇ. ಪದದಾಟದ ಸಾಲು ಓದಿದವರು "ಎಲ್ಲಿ?", "ಯಾವಾಗ?", "ಆಮೇಲೆ?" ಅಂತ ಕೇಳಿದರೆ, ಅವರಿಗೆ ಒಂದೇ ಅರ್ಥ ತಲುಪಿದೆ, ಇನ್ನೊಂದು ದಾರಿಯಲ್ಲೇ ಬಿದ್ದಿದೆ.

ಬೆಳೆಗಾರರ ಬೇಜಾರು ಬೇರೆ ಕಡೆಯಿಂದ ಬಂದದ್ದು. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದೂ ಅದೇ. ಆ ಮೀಮ್ ಹುಟ್ಟಿದ ಕಡೆ ಕಾಫಿ ಅಂದರೆ ಕಪ್ಪಿನಲ್ಲಿರುವ ಬಿಸಿ ಪಾನೀಯ. ಅದನ್ನು ಯಾರಾದರೂ ಅಡ್ಡಗಟ್ಟಿ ದೋಚುತ್ತಾರೆ ಅನ್ನುವುದು ನಡೆಯಲಾಗದ ಮಾತು, ಅದಕ್ಕೇ ನಗು. ನಮ್ಮಲ್ಲಿ ಕಾಫಿ ಅಂದರೆ ಕಣದಲ್ಲಿ ಹರಡಿರುವ ಹಣ್ಣು, ಗೋದಾಮಿನಲ್ಲಿರುವ ಮೂಟೆ, ವರ್ಷದ ಆದಾಯ. ಕೊಯ್ಲಿನ ದಿನಗಳಲ್ಲಿ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ತೋಟಗಳ ಕಣ ನೋಡಿದವರಿಗೆ ಇದು ಗೊತ್ತು. ಚೆರ್ರಿ, ಅಂದರೆ ಕಾಫಿ ಹಣ್ಣು, ಒಣಗಲು ಎರಡು ವಾರದ ಹತ್ತಿರ ಬೇಕು. ಅಷ್ಟು ದಿನವೂ ಅದು ಬಯಲಿನಲ್ಲೇ ಇರುತ್ತದೆ. ರಾತ್ರಿ ಟಾರ್ಪಾಲು ಮುಚ್ಚಿ, ಪಕ್ಕದಲ್ಲೇ ಯಾರಾದರೂ ಮಲಗಿ ಕಾಯುತ್ತಾರೆ. ಇಂಥ ಊರಿನಲ್ಲಿ "ಕಾಫಿಯನ್ನು ದರೋಡೆ ಮಾಡಲಾಯಿತು" ಅಂದರೆ ಅದು ನಡೆಯುವ ಸಂಗತಿ, ನಡೆದಿರುವ ಸಂಗತಿ. ಅಂದರೆ ಅನುವಾದದಲ್ಲಿ ಎರಡು ನಷ್ಟ ಆಗಿದೆ. ಪದದ ಎರಡನೆಯ ಅರ್ಥ ಹೋಯಿತು. ಅದರ ಜೊತೆಗೆ "ಹೀಗೆಲ್ಲಾ ಎಲ್ಲಾದರೂ ಆಗುತ್ತಾ" ಅನ್ನುವ ಅಸಂಭವದ ಖುಷಿಯೂ ಹೋಯಿತು. ಉಳಿದದ್ದು ಅವರ ನೋವು ಮಾತ್ರ.

"ದರೋಡೆ ಬೇಡ, ಮಗ್ ಅನ್ನುವ ಪದವನ್ನೇ ಉಳಿಸಿದ್ದರೆ?" ಅಂತ ನಿಮ್ಮ ಅಕ್ಕನ ಮಗ ಕೇಳಬಹುದು. "ಕಾಫಿನ ಮಗ್ ಮಾಡಿದ್ರು" ಅಂತ. ನಾನು ಇದನ್ನು ಹಾಸನದಲ್ಲಿ ನನ್ನ ಹತ್ತಿರ ಅನುವಾದ ಕಲಿಯಲು ಬರುವ ಹುಡುಗರ ಮುಂದೆ ಇಟ್ಟು ನೋಡಿದೆ. ಡಿಗ್ರಿ ಓದುವ ಹುಡುಗಿ ಒಬ್ಬಳು, "ಕಾಫಿ ಯಾಕೆ ಬಾಯಿಪಾಠ ಮಾಡುತ್ತೆ?" ಅಂದಳು. ಅವಳ ಪ್ರಶ್ನೆ ಸರಿಯಾದದ್ದೇ. ನಮ್ಮ ಕಾಲೇಜು ಹುಡುಗರ ಮಾತಿನಲ್ಲಿ ಮಗ್ ಮಾಡುವುದು, ಮಗ್ ಹೊಡೆಯುವುದು ಅಂದರೆ ಅರ್ಥವಾಗದಿದ್ದರೂ ಉರು ಹೊಡೆಯುವುದು. ಇನ್ನು ಮನೆಯಲ್ಲಿ ಮಗ್ ಅಂದರೆ ಎಲ್ಲಿರುತ್ತದೆ? ಬಚ್ಚಲುಮನೆಯ ಬಕೆಟ್ಟಿನಲ್ಲಿ. ಕಾಫಿ ಕುಡಿಯುವುದು ಲೋಟದಲ್ಲಿ, ನೆಂಟರು ಬಂದರೆ ಕಪ್ಪಿನಲ್ಲಿ. "ಕಾಫಿ", "ಮಗ್" ಎರಡನ್ನೂ ಅಕ್ಕಪಕ್ಕ ಇಟ್ಟರೆ ಎಷ್ಟೋ ಮನೆಗಳಲ್ಲಿ ಕಣ್ಣ ಮುಂದೆ ಬರುವುದು ಪ್ಲಾಸ್ಟಿಕ್ ಮಗ್ಗೇ. ಕಾಫಿ ಪುಡಿ ಮಾರುವವರಿಗೆ ಆ ಚಿತ್ರ ಬೇಡವೇ ಬೇಡ. ಪದ ಗಡಿ ದಾಟಿ ನಮ್ಮಲ್ಲಿಗೂ ಬಂದಿದೆ ನಿಜ. ಆದರೆ ಬರುವಾಗ ಏಟಿನ ಅರ್ಥವನ್ನು ಅಲ್ಲೇ ಬಿಟ್ಟು ಬಂದಿದೆ, ಇಲ್ಲಿ ಬಂದ ಮೇಲೆ ಬೇರೆ ಎರಡು ಕೆಲಸ ಹಿಡಿದಿದೆ.

ಅಂದ ಹಾಗೆ, ಕಪ್ಪಿಗೂ ಏಟಿಗೂ ಒಂದೇ ಪದ ಹೇಗೆ ಬಂತು ಅನ್ನುವುದಕ್ಕೆ ಇಂಗ್ಲಿಷ್ ಪದಗಳ ಚರಿತ್ರೆ ನೋಡುವವರು ಕೊಡುವ ಕಾರಣ ಚೆನ್ನಾಗಿದೆ. ಹಿಂದೆ ಮನುಷ್ಯರ ಮುಖದ ಆಕಾರದ ಮಗ್‌ಗಳನ್ನು ಮಾಡುತ್ತಿದ್ದರು. ಅದರಿಂದ ಬಾಯಿಮಾತಿನಲ್ಲಿ ಮುಖಕ್ಕೇ ಮಗ್ ಅನ್ನತೊಡಗಿದರು. ಮುಷ್ಟಿ ಕಾಳಗದವರ ಮಾತಿನಲ್ಲಿ ಮುಖಕ್ಕೆ ಹೊಡೆಯುವುದು ಮಗ್ ಆಯಿತು. 19ನೇ ಶತಮಾನದಲ್ಲಿ ಅದು ಹೊಡೆದು ದೋಚುವುದಕ್ಕೆ ಬಂದು ನಿಂತಿತು. ಪೊಲೀಸರು ಆರೋಪಿಯ ಮುಖದ ಫೋಟೊ ತೆಗೆಯುವುದಕ್ಕೆ "ಮಗ್ ಶಾಟ್" ಅನ್ನುವುದೂ ಇದೇ ಮುಖದಿಂದ. ಕಪ್ಪು, ಮುಖ, ಏಟು, ದರೋಡೆ. ನಾಲ್ಕು ಹೆಜ್ಜೆ. ಈ ನಾಲ್ಕು ಹೆಜ್ಜೆಯನ್ನು ಕನ್ನಡ ಯಾವತ್ತೂ ನಡೆದಿಲ್ಲ. ಹಾಗಾಗಿ ಆ ಪದಕ್ಕೆ ಸಮನಾದ ಪದ ನಿಘಂಟಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಕನ್ನಡಕ್ಕೆ ಒಗ್ಗಲ್ವಾ ಅಂದಿರಲ್ಲ, ಅದಕ್ಕೆ ಉತ್ತರ ನಿಮ್ಮ ತೋಟಗಳಲ್ಲೇ ಇದೆ. ಬೆಳೆಗಾರರ ವರ್ಷವನ್ನು ಹೀಗೆ ಹೇಳಿ ನೋಡಿ:

"ಮಳೆಗೆ ಕಾಯೋದು, ಕಣ ಕಾಯೋದು, ಆಮೇಲೆ ಹಾಲು ಕಾಯೋದು. ಇಷ್ಟೇ ಕಾಫಿ."

ಮೊದಲನೆಯದು ಹೂಮಳೆಗೆ ದಾರಿ ನೋಡುವುದು. ಎರಡನೆಯದು ಕಾವಲು. ಮೂರನೆಯದು ಒಲೆಯ ಮೇಲಿನ ಹಾಲು ಬಿಸಿಯಾಗುವುದು. ಮೂರಕ್ಕೂ "ಕಾಯೋದು". ಇದನ್ನು ನಾನು ಸಕಲೇಶಪುರದ ಒಂದು ಮನೆಯಲ್ಲಿ ಹೇಳಿದಾಗ ಅಲ್ಲಿದ್ದ ಅಜ್ಜಿ, "ಕಾಯಿ ಕಾಯೋದನ್ನ ಬಿಟ್ಟೆಯಲ್ಲ ಮಗ" ಅಂದರು. ಗಿಡದಲ್ಲಿ ಕಾಯಿ ಕಟ್ಟಿ ಹಣ್ಣಾಗುವವರೆಗೆ ಕಾಯಬೇಕಲ್ಲ, ಅದು. ನಾಲ್ಕನೆಯದನ್ನು ಅವರು ಯೋಚಿಸದೇ ಹೇಳಿದರು.

ಇದನ್ನು ಇಂಗ್ಲಿಷಿಗೆ ಮಾಡಿ ನೋಡಲಿ ನಿಮ್ಮ ಹುಡುಗ. ವೇಟ್, ಗಾರ್ಡ್, ಹೀಟ್. ಮೂರು ಬೇರೆ ಬೇರೆ ಪದಗಳು, ಒಂದಕ್ಕೊಂದು ಪರಿಚಯವೇ ಇಲ್ಲ. ಬೆಳೆಗಾರರ ದಿನಚರಿ ಉಳಿಯುತ್ತದೆ, ನಗು ಹೋಗುತ್ತದೆ. ಹೋಂಸ್ಟೇಗೆ ಬಂದ ಹೊರಗಿನವರಿಗೆ ಇದನ್ನು ಹೇಳಿದರೆ ಅವರೂ "ಆಮೇಲೆ?" ಅಂತಲೇ ಕೇಳುತ್ತಾರೆ. ಇದರಲ್ಲಿ ಇನ್ನೊಂದು ವಿಷಯ ಗಮನಿಸಿ. ದ್ರಾವಿಡ ಪದಮೂಲ ನಿಘಂಟಿನಲ್ಲಿ ಕಾವಲಿನ ಕಾಯು, ಬಿಸಿಯಾಗುವ ಕಾಯು, ಗಿಡದ ಕಾಯಿ, ಮೂರಕ್ಕೂ ಬೇರೆ ಬೇರೆ ಮೂಲ ಕೊಟ್ಟಿದ್ದಾರೆ. ಇವು ಒಂದೇ ತಾಯಿಯ ಮಕ್ಕಳಲ್ಲ. ಉಚ್ಚಾರಣೆ ಮಾತ್ರ ಒಂದೇ ಆಗಿದೆ, ಅಷ್ಟೇ. ಇಂಥ ಆಕಸ್ಮಿಕ ಎರಡು ಭಾಷೆಗಳಲ್ಲಿ ಒಂದೇ ರೀತಿ ನಡೆಯುವುದು ತೀರಾ ಅಪರೂಪ.

ಕೆಲವು ಪದದಾಟಗಳು ಮಾತ್ರ ಅರ್ಧಂಬರ್ಧವಾದರೂ ದಾಟುತ್ತವೆ. ನನ್ನದೇ ಒಂದು ಅನುಭವ ಹೇಳುತ್ತೇನೆ. ಒಂದು ಕಂಪನಿಯವರು ರೈತರಿಗೆ ಹಂಚುವ ಕ್ಯಾಲೆಂಡರ್‌ಗೆ ಇಂಗ್ಲಿಷಿನ ಹಳೇ ಜೋಕು ಒಂದನ್ನು ಕನ್ನಡ ಮಾಡಲು ಕೊಟ್ಟಿದ್ದರು. ಬೆದರುಬೊಂಬೆಗೆ ಪ್ರಶಸ್ತಿ ಯಾಕೆ ಬಂತು? "ಹೀ ವಾಸ್ ಔಟ್‌ಸ್ಟ್ಯಾಂಡಿಂಗ್ ಇನ್ ಹಿಸ್ ಫೀಲ್ಡ್." ಔಟ್‌ಸ್ಟ್ಯಾಂಡಿಂಗ್ ಅಂದರೆ ಎಲ್ಲರಿಗಿಂತ ಮೇಲು. ಬಿಡಿಸಿ ಓದಿದರೆ, ಹೊರಗೆ ಹೊಲದಲ್ಲಿ ನಿಂತಿತ್ತು ಅಂತ. ನಾನು "ತನ್ನ ಕ್ಷೇತ್ರದಲ್ಲಿ ಅಪ್ರತಿಮ" ಅಂತ ಬರೆದೆ. ಕ್ಷೇತ್ರಕ್ಕೆ ಸಂಸ್ಕೃತದಲ್ಲಿ ಹೊಲ ಅನ್ನುವ ಅರ್ಥ ಇದೆ, ಹಾಗಾಗಿ ಎರಡೂ ಅರ್ಥ ಬಂತು ಅಂದುಕೊಂಡಿದ್ದೆ. ಅಚ್ಚಾದ ಮೇಲೆ ಅರಸೀಕೆರೆ ಕಡೆಯ ರೈತರೊಬ್ಬರು, "ಯಾವ ಕ್ಷೇತ್ರ ಮೇಡಂ, ಎಲೆಕ್ಷನ್ನದಾ?" ಅಂತ ಕೇಳಿದರು. ಅವರ ಬಾಯಲ್ಲಿ ಕ್ಷೇತ್ರ ಅಂದರೆ ಮತಕ್ಷೇತ್ರ, ಇಲ್ಲದಿದ್ದರೆ ದೇವರ ಕ್ಷೇತ್ರ. ಹೊಲಕ್ಕೆ ಹೊಲ ಅನ್ನುವುದೇ ವಾಡಿಕೆ. ನಿಘಂಟಿನಲ್ಲಿರುವ ಅರ್ಥ ನಾಲಿಗೆಯ ಮೇಲೆ ಇರಲಿಲ್ಲ. ಪದದಾಟಕ್ಕೆ ನಾಲಿಗೆಯ ಮೇಲಿನ ಅರ್ಥವೇ ಬೇಕು, ಯಾಕೆಂದರೆ ನಗುವುದಕ್ಕೆ ಸಿಗುವುದು ಅರ್ಧ ಕ್ಷಣ.

ಎಷ್ಟೋ ದಿನ ಆದ ಮೇಲೆ ಸರಿಯಾದ ಸಾಲು ಹೊಳೆಯಿತು: "ಇಡೀ ಹೊಲದಲ್ಲಿ ಎದ್ದು ಕಾಣೋದು ಅದೊಂದೇ." ನಾವು ಬೇರೆಯವರಿಗಿಂತ ಮೇಲಾದವರನ್ನು ಎದ್ದು ಕಾಣುತ್ತಾರೆ ಅನ್ನುತ್ತೇವೆ. ಪೈರಿನ ನಡುವೆ ಬೊಂಬೆಯೂ ಎದ್ದು ಕಾಣುತ್ತದೆ. ಎರಡೂ ಬಾಗಿಲು ತೆರೆದವು. ಯಾಕೆ ಅಂದರೆ, ಗುಂಪಿನಲ್ಲಿ ಒಬ್ಬ ತಲೆ ಎತ್ತಿ ನಿಂತರೆ ಕಣ್ಣಿಗೆ ಬೀಳುತ್ತಾನೆ ಅನ್ನುವ ಅನುಭವ ಇಂಗ್ಲಿಷಿನವರಿಗೂ ನಮಗೂ ಒಂದೇ. ಆ ಅನುಭವದಿಂದ ಎರಡು ಭಾಷೆಗಳೂ ಅಕ್ಕಪಕ್ಕದ ಮಾತು ಕಟ್ಟಿಕೊಂಡಿವೆ. ಪದದಾಟ ಹೀಗೆ ಮೈಯ ಅನುಭವದ ಮೇಲೆ ನಿಂತಿದ್ದರೆ ದಾಟಿಸಬಹುದು. ಬರೀ ಸದ್ದಿನ ಆಕಸ್ಮಿಕದ ಮೇಲೆ ನಿಂತಿದ್ದರೆ ದಾಟಿಸಲಾಗದು, ಹೊಸದು ಕಟ್ಟಬೇಕು.

ನಮ್ಮ ಹಳೆಯ ಅಲಂಕಾರಶಾಸ್ತ್ರದವರು ಇಂಥ ಪದದಾಟವನ್ನು ಶ್ಲೇಷೆ ಅಂತ ಕರೆದು ಎರಡು ಭಾಗ ಮಾಡಿದ್ದರು. ಪದವನ್ನು ಒಡೆಯದೆ ಎರಡು ಅರ್ಥ ಬಂದರೆ ಅಭಂಗ ಶ್ಲೇಷೆ, ಒಡೆದಾಗ ಬಂದರೆ ಸಭಂಗ ಶ್ಲೇಷೆ. ಮಗ್ಡ್ ಮೊದಲನೆಯದು, ಔಟ್‌ಸ್ಟ್ಯಾಂಡಿಂಗ್ ಎರಡನೆಯದು. ನಿಮ್ಮ ಊರಿನ ಹೆಸರೂ ಒಡೆದರೆ ಚಿಕ್ಕ ಮಗಳ ಊರು. ಈ ವಿಂಗಡಣೆಯಿಂದ ಕೆಲಸದಲ್ಲಿ ಒಂದು ಉಪಯೋಗ ಇದೆ. ಸಾಮಾನ್ಯವಾಗಿ ಒಡೆಯುವ ಶ್ಲೇಷೆ ಭಾಷೆ ದಾಟುವಾಗ ಇನ್ನೂ ಬೇಗ ಸಾಯುತ್ತದೆ. ಅದಕ್ಕೆ ಅರ್ಥದ ಜೊತೆಗೆ ಅಕ್ಷರಗಳ ಸಾಲೂ ಹೊಂದಬೇಕಲ್ಲ. ಬೆದರುಬೊಂಬೆಯದು ಬದುಕಿದ್ದು ನಾನು ಒಡೆಯುವ ಆಟವನ್ನೇ ಬಿಟ್ಟುಕೊಟ್ಟಿದ್ದರಿಂದ.

ಬ್ರಾಕೆಟ್ಟಿನ ವಿಷಯಕ್ಕೆ ಬರುತ್ತೇನೆ. ಸ್ಟೇಟಸ್‌ನಲ್ಲಿ ಬ್ರಾಕೆಟ್ ಹಾಕಬೇಡಿ. "ಇಂಗ್ಲಿಷಿನಲ್ಲಿ ಮಗ್ ಅಂದರೆ ಹೀಗೂ ಉಂಟು" ಅಂತ ಬರೆದರೆ ಓದುಗರಿಗೆ ತಿಳಿಯುತ್ತದೆ, ಆದರೆ ನಗು ಬರುವುದಿಲ್ಲ. ಎರಡು ಅರ್ಥ ಒಟ್ಟಿಗೆ ಬಂದು ಬಡಿಯಬೇಕು. ಬ್ರಾಕೆಟ್ ಅವನ್ನು ಒಂದಾದ ಮೇಲೊಂದು ಕೈಗೆ ಕೊಡುತ್ತದೆ. ಎದುರಿಗೆ ಕೂತು ಯಾರಾದರೂ "ಇಂಗ್ಲಿಷಿನಲ್ಲಿ ಇದರ ಮಜಾ ಏನು?" ಅಂತ ಆಸೆಯಿಂದ ಕೇಳಿದರೆ ಬೇರೆ ಮಾತು. ಆಗ ಖಂಡಿತ ಬಿಡಿಸಿ ಹೇಳಿ. ನಿಮ್ಮ ಅಕ್ಕನ ಮಗ ನಿಮಗೆ ಹೇಳಿದ್ದು ಹಾಗೆಯೇ, ನೀವು ನಕ್ಕಿರಿ ಕೂಡ. ಅವನು ಎದುರಿಗಿದ್ದ, ಮೊದಲೇ ನಗುತ್ತಿದ್ದ, ನಿಮಗೂ ಕೇಳುವ ಮನಸ್ಸಿತ್ತು. ಸ್ಟೇಟಸ್ ನೋಡಿ ಬೆರಳಿನಿಂದ ಮುಂದೆ ತಳ್ಳುವವರಿಗೆ ಅದ್ಯಾವುದೂ ಇರುವುದಿಲ್ಲ.

ಇಂಗ್ಲಿಷ್ ಮೀಮನ್ನೇ ಹಾಗೆಯೇ ಹಾಕಬಹುದಿತ್ತು. ನಿಮ್ಮ ಗಿರಾಕಿಗಳಲ್ಲಿ ಪ್ರವಾಸಿಗಳು, ಬೆಂಗಳೂರಿನವರು ಜಾಸ್ತಿ ಇದ್ದರೆ ಅದು ಪ್ರಾಮಾಣಿಕವಾದ ದಾರಿ. ಆದರೆ ಅಂಗಡಿಗೆ ದಿನಾ ಬರುವವರು ಹೊರಗೆ ಉಳಿಯುತ್ತಾರೆ. ನೀವು ಕನ್ನಡ ಮಾಡಹೊರಟಿದ್ದೇ ಅವರಿಗಾಗಿ. ಆದ್ದರಿಂದ ದೃಶ್ಯ ಅದೇ ಇರಲಿ, ಕಾಫಿ ಪೊಲೀಸರ ಮುಂದೆ ನಿಂತಿರಲಿ, ಎರಡು ಅರ್ಥ ಕೊಡುವ ತಿರುಗಣಿ ಪದ ಮಾತ್ರ ಕನ್ನಡದ್ದೇ ಆಗಲಿ. ನಾನು ಮಾಡಿದ್ದು ಇಷ್ಟು. ಒಂದು ಹಾಳೆಯ ಎಡಗಡೆ ಕಾಫಿಗೆ ನಾವು ಏನೇನು ಮಾಡುತ್ತೇವೆ ಅಂತ ಬರೆದೆ: ಕುಯ್ಯುತ್ತೇವೆ, ಒಣಗಿಸುತ್ತೇವೆ, ಹುರಿಯುತ್ತೇವೆ, ಪುಡಿ ಮಾಡುತ್ತೇವೆ, ಸೋಸುತ್ತೇವೆ, ಬಗ್ಗಿಸುತ್ತೇವೆ, ಕುಡಿಯುತ್ತೇವೆ. ಬಲಗಡೆ, ಒಬ್ಬ ಮನುಷ್ಯ ಸ್ಟೇಷನ್ನಿಗೆ ಓಡಿ ಬಂದು ಏನೇನು ಹೇಳಬಹುದು ಅಂತ ಬರೆದೆ: ಹೊಡೆದರು, ಬಡಿದರು, ಹುರಿದು ಮುಕ್ಕಿದರು, ಮೂಳೆ ಪುಡಿ ಮಾಡಿದರು, ಬಗ್ಗಿಸಿ ಗುದ್ದಿದರು. ಎರಡು ಪಟ್ಟಿಯಲ್ಲೂ ಇರುವ ಪದಗಳು ಮೂರು: ಹುರಿ, ಪುಡಿ ಮಾಡು, ಬಗ್ಗಿಸು.

ಮೊದಲು ಬಗ್ಗಿಸು ಒಂದನ್ನೇ ಇಟ್ಟು ನೋಡಿದೆ. ಪಾತ್ರೆ ಓರೆ ಮಾಡಿ ಲೋಟಕ್ಕೆ ಹಾಕುವುದಕ್ಕೆ ನಮ್ಮ ಕಡೆ ಬಗ್ಗಿಸು ಅನ್ನುತ್ತೇವೆ, "ಇನ್ನೊಂಚೂರು ಬಗ್ಗಿಸಲಾ?" ಅಂತ ಕೇಳುತ್ತೇವೆ. ಬಗ್ಗಿಸಿ ಗುದ್ದುವುದೂ ನಮ್ಮದೇ ಮಾತು. ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ ಅನ್ನುವ ಗಾದೆಯೇ ಇದೆ. "ಕಾಫಿ ಯಾಕೆ ಸ್ಟೇಷನ್‌ಗೆ ಹೋಯ್ತು? ಯಾರೋ ಬಗ್ಗಿಸಿದ್ರಂತೆ." ಓದಿ ನೋಡಿದರೆ ಸಾಲು ಕುಂಟುತ್ತದೆ. ಕಾಫಿಯ ಪಕ್ಕ ಒಂಟಿಯಾಗಿ ನಿಂತ ಬಗ್ಗಿಸು ತಕ್ಷಣ ಲೋಟದ ಅರ್ಥ ಕೊಟ್ಟುಬಿಡುತ್ತದೆ, ಏಟಿನ ಅರ್ಥ ಹಿಂದೆ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಮೊದಲು ಏಟು ಕೇಳಿ ಆಮೇಲೆ ಕಪ್ಪು ಹೊಳೆಯುತ್ತಿತ್ತು. ಆ ಕ್ರಮ ತಲೆಕೆಳಗಾದರೆ ನಗು ಹುಟ್ಟುವುದಿಲ್ಲ.

ಆಮೇಲೆ ಮೂರನ್ನೂ ದೂರಿನ ಧಾಟಿಯಲ್ಲಿ ಸಾಲಾಗಿ ಇಟ್ಟೆ. "ಕುದಿಯೋ ನೀರು ಸುರಿದ್ರು" ಅನ್ನುವುದೂ ನಡುವೆ ಸೇರಿತ್ತು, ಫಿಲ್ಟರಿಗೆ ಹಾಕುತ್ತೇವಲ್ಲ, ಅದು. ಅದನ್ನು ತೆಗೆದುಹಾಕಿದೆ. ಅದರಲ್ಲಿ ಎರಡು ಅರ್ಥದ ಆಟ ಇಲ್ಲ, ಸುಮ್ನೆ ಕ್ರೌರ್ಯ ಇದೆ. ಉಳಿದದ್ದು ಇದು:

"ಏನಾಯ್ತು, ಹೇಳಪ್ಪ."
"ಹುರಿದ್ರು ಸಾರ್. ಪುಡಿ ಮಾಡಿದ್ರು. ಕೊನೆಗೆ ಬಗ್ಗಿಸಿಯೇ ಬಿಟ್ರು!"

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದು ಇಲ್ಲಿ ನಮಗೆ ವರವಾಗಿದೆ. ಪ್ರತಿ ವಾಕ್ಯದ ಭಾರ ತಾನಾಗಿಯೇ ತಿರುಗಣಿ ಪದದ ಮೇಲೆ ಬಿದ್ದಿದೆ. "ಲಾಯಿತು" ಇಲ್ಲ, "ಸಾರ್" ಇದೆ, ಹಾಗಾಗಿ ವರದಿಯ ವಾಸನೆ ಹೋಗಿ ಮನುಷ್ಯರ ದನಿ ಬಂದಿದೆ. ಕಳ್ಳತನದ ಮಾತೇ ಇಲ್ಲ, ಆದ್ದರಿಂದ ಕಣದ ನೋವನ್ನು ಮುಟ್ಟುವುದಿಲ್ಲ. ಮೂರೂ ಕೆಲಸ ನಿಮ್ಮ ಅಂಗಡಿಯ ಆಸುಪಾಸಿನವೇ. ಕೆಳಗೆ ಅಂಗಡಿಯ ಹೆಸರು ಹಾಕಿ ಒಂದು ಸಾಲು ಸೇರಿಸಬಹುದು: "ಪುಡಿ ಮಾಡಿದ್ದು ನಾವೇ ಸಾರ್." ಇಂಗ್ಲಿಷ್ ಮೀಮಿಗೆ ಈ ಸಾಲು ಹೇಳುವ ದಾರಿಯೇ ಇರಲಿಲ್ಲ.

ಕಳೆದುಕೊಂಡದ್ದೂ ಇದೆ. ಮೂಲದಲ್ಲಿ ಒಂದೇ ಪದಕ್ಕೆ ಪಟ್ ಅಂತ ನಗು ಬರುತ್ತಿತ್ತು. ಇಲ್ಲಿ ಮೂರು ಮೆಟ್ಟಿಲು ಹತ್ತಬೇಕು. ಪ್ರಶ್ನೆ, ಉತ್ತರದ ರೂಪ ಹೋಗಿ ಸಂಭಾಷಣೆ ಆಗಿದೆ. ಹಾಗಾಗಿ ಇದನ್ನು ಅನುವಾದ ಅನ್ನುವುದಕ್ಕಿಂತ ಅದೇ ಜಾಗದಲ್ಲಿ ನೆಟ್ಟ ಬೇರೆ ಗಿಡ ಅನ್ನುವುದು ಸರಿ. ಇನ್ನೊಂದು ಮಿತಿಯೂ ಉಂಟು. ಬಗ್ಗಿಸು ಅನ್ನುವುದು ಹಾಸನ, ಚಿಕ್ಕಮಗಳೂರು, ಮೈಸೂರು ಕಡೆಯವರ ಅಡುಗೆಮನೆಯ ಮಾತು. ಉತ್ತರ ಕರ್ನಾಟಕದ ಮನೆಗಳಲ್ಲಿ ಸುರುವು ಅನ್ನುವುದು ಕೇಳುತ್ತದೆ. ಧಾರವಾಡದ ಗಿರಾಕಿಗೆ ಕೊನೆಯ ಸಾಲು ಬರೀ ಏಟಾಗಿ ಕೇಳಬಹುದು. ಪದದಾಟ ಕನ್ನಡದೊಳಗೇ ಜಿಲ್ಲೆ ದಾಟುವಾಗಲೂ ಚೂರು ಚೆಲ್ಲುತ್ತದೆ. ನಿಮ್ಮ ಗಿರಾಕಿಗಳು ಹೆಚ್ಚಿನವರು ಸುತ್ತಮುತ್ತಲಿನವರಾದರೆ ಚಿಂತೆ ಇಲ್ಲ. ಬೇರೆ ಕಡೆಗೂ ಕಳಿಸುವುದಾದರೆ "ಪುಡಿ ಮಾಡಿದ್ರು" ಅನ್ನುವುದನ್ನು ಕೊನೆಗೆ ತನ್ನಿ, ಬಗ್ಗಿಸುವುದನ್ನು ಬಿಡಿ.

ಚಿತ್ರವನ್ನೂ ಬದಲಿಸಲೇಬೇಕು. ಜನ ಮರೆಯುವುದು ಇಲ್ಲೇ. ಹಳೇ ಚಿತ್ರದಲ್ಲಿ ಹಿಡಿ ಇರುವ ಮಗ್ ಇತ್ತು, ಯಾಕೆಂದರೆ ಪದದಾಟದ ಒಂದು ಅರ್ಧ ಆ ಚಿತ್ರವೇ ಆಗಿತ್ತು. ಮಾತು ಬದಲಾಗಿ ಚಿತ್ರ ಹಾಗೇ ಉಳಿದರೆ ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು. ಸ್ಟೀಲ್ ಲೋಟ ಇರಲಿ. ಒಂದು ಬದಿಗೆ ಸ್ವಲ್ಪ ವಾಲಿರಲಿ, ಬೆನ್ನು ಬಗ್ಗಿದವರ ಹಾಗೆ. ಮೇಲೆ ನೊರೆ ಇರಲಿ. ಆ ವಾಲಿದ ಲೋಟವೇ ಬಗ್ಗಿಸು ಅನ್ನುವ ಪದದ ಎರಡೂ ಅರ್ಥವನ್ನು ತೋರಿಸಿಬಿಡುತ್ತದೆ.

ಮೂಡಿಗೆರೆಯ ಬೆಳೆಗಾರರಿಗೆ ದಯವಿಟ್ಟು ಮೆಸೇಜ್ ಮಾಡಬೇಡಿ, ಫೋನ್ ಮಾಡಿ. ಮಗ್ ಕಥೆಯಿಂದ ಶುರು ಮಾಡಬೇಡಿ. ಮೊದಲು ಅವರ ಎರಡು ಮೂಟೆಯ ವಿಷಯ ಕೇಳಿ, ಆ ಸ್ಟೇಟಸ್ ತೆಗೆದಿದ್ದೇವೆ ಅಂತ ಹೇಳಿ. ಅವರೇ "ಅದರಲ್ಲಿ ಏನಿತ್ತು?" ಅಂತ ಕೇಳಿದರೆ ಮಾತ್ರ ಇಂಗ್ಲಿಷಿನ ಪದವನ್ನು ಬಿಡಿಸಿ ಹೇಳಿ. ಹೊಸದನ್ನು ಹಾಕುವ ಮೊದಲು ಚಿತ್ರ ತೋರಿಸದೆ, ಬರೀ ಬಾಯಲ್ಲಿ, ಮಿಷನ್ನಿನ ಹತ್ತಿರ ಪುಡಿ ಮಾಡುವವರಿಗೆ ಒಮ್ಮೆ, ಗಲ್ಲಾದ ಮುಂದೆ ನಿಂತ ಗಿರಾಕಿಗೆ ಒಮ್ಮೆ ಹೇಳಿ ನೋಡಿ. ಯಾರಾದರೂ "ಯಾವ ಸ್ಟೇಷನ್ನು?" ಅಂತ ಕೇಳಿದರೆ ಹಾಕಬೇಡಿ, ನನಗೆ ಬರೆಯಿರಿ, ಇನ್ನೊಂದು ಹಾಳೆ ತೆಗೆದು ಮತ್ತೆ ಕೂರೋಣ.